ಹತ್ತು ಪ್ರಶ್ನೆ, ಹನ್ನೊಂದು ರೂಪಾಯಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಸಂಘದ ಐದು ಮಂದಿ ನೇಸರಗಿಗೆ ಹೋಗಿದ್ವಿ. ಬೆಳಗಾವಿಯಿಂದ ಬಾಗಲಕೋಟೆ ಕಡೆ ಹೋಗುವ ರಸ್ತೆಯಲ್ಲಿ ಬರುವ, ಬೈಲಹೊಂಗಲ ತಾಲೂಕಿನ ಊರು ಅದು. ನಮ್ಮಲ್ಲೊಬ್ಬನ ಸ್ವಂತ ಊರೂ ಹೌದು. ಅಲ್ಲಿ ಪಿಯುಸಿ ಸೈನ್ಸ್ ಓದುವ ಹುಡುಗ ಹುಡುಗಿಯರಿಗೆ ಒಂದು ಸಣ್ಣ ಗಣಿತ ಕ್ವಿಜ್ ಮಾಡೋಣ ಅಂತ ಅವನೇ ಹೇಳಿದ್ದ. ವಿಷಯ ಘಾತಾಂಕ ಮತ್ತು ಲಾಗ್. ಒಟ್ಟು ಹತ್ತು ಪ್ರಶ್ನೆ, ಎರಡು ತಂಡ. ಒಂದಕ್ಕೆ ಮಲಪ್ರಭಾ ಅಂತ, ಇನ್ನೊಂದಕ್ಕೆ ಘಟಪ್ರಭಾ ಅಂತ ಹೆಸರು ಇಟ್ವಿ.

ನಿಯಮ ಸರಳ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತೇವೆ, ಎರಡೂ ತಂಡ ಹಾಳೆಯಲ್ಲಿ ಉತ್ತರ ಬರೆದು ಒಟ್ಟಿಗೆ ತೋರಿಸಬೇಕು. ಸರಿ ಇದ್ದರೆ ಎರಡು ಅಂಕ, ತಪ್ಪಿದ್ದರೆ ಸೊನ್ನೆ. ಪ್ರತಿ ಪ್ರಶ್ನೆಗೆ ಮೂರು ನಿಮಿಷ, ಕೊನೆಯದಕ್ಕೆ ಮಾತ್ರ ಹತ್ತು ನಿಮಿಷ. ಕ್ಯಾಲ್ಕುಲೇಟರ್ ಇಲ್ಲ, ಮೊಬೈಲ್ ಇಲ್ಲ. ನಾಲ್ಕು ಅಂಕಿಯ ಲಾಗ್ ಟೇಬಲ್ ಒಂದೊಂದು ತಂಡಕ್ಕೆ ಒಂದೊಂದು ಕೊಟ್ಟಿದ್ವಿ.

ಈ ಲೇಖನದಲ್ಲಿ ಆ ಹತ್ತೂ ಪ್ರಶ್ನೆ, ಅವುಗಳ ಉತ್ತರ, ಎಲ್ಲಿ ಯಾರು ಎಡವಿದರು ಅನ್ನೋದು ಇದೆ. ಎಡವಿದವರಲ್ಲಿ ನಾವೂ ಇದ್ದೇವೆ. ಮೊದಲು ನೀವೇ ಒಂದು ಹಾಳೆ ತಗೊಂಡು ಮಾಡಿ ನೋಡಿ, ಆಮೇಲೆ ಕೆಳಗೆ ಓದಿ. ಬೇಸ್ ಬರೆಯದೆ ಬರೀ log ಅಂತ ಇದ್ದರೆ ಬೇಸ್ 10 ಅಂತ ತಿಳಿಯಿರಿ.

ಪ್ರಶ್ನೆಗಳು

1. 2ˣ = 1/32 ಆದರೆ x ಎಷ್ಟು?

2. log₂ 3 × log₃ 8 ಎಷ್ಟು?

3. 9ˣ − 6·3ˣ − 27 = 0. x ಕಂಡುಹಿಡಿಯಿರಿ.

4. log₂ x + log₂ (x − 2) = 3. x ಕಂಡುಹಿಡಿಯಿರಿ.

5. log (x²) = 4. x ಕಂಡುಹಿಡಿಯಿರಿ.

6. log 1 + log 2 + log 3 = log (1 + 2 + 3). ಸರಿಯೋ ತಪ್ಪೋ?

7. (0.5)ˣ > 8 ಆಗಬೇಕಾದರೆ x ಎಲ್ಲಿರಬೇಕು?

8. 2¹⁰⁰ ಅನ್ನು ಪೂರ್ತಿ ಬರೆದರೆ ಅದರಲ್ಲಿ ಎಷ್ಟು ಅಂಕಿಗಳಿರುತ್ತವೆ?

9. ಜಾತ್ರೆಯಲ್ಲಿ ಒಂದು ಸ್ಪೀಕರ್ ಬಾಕ್ಸ್ ಹಚ್ಚಿದಾಗ ನಾವು ನಿಂತ ಜಾಗದಲ್ಲಿ ಸದ್ದು 90 ಡೆಸಿಬೆಲ್. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಬಾಕ್ಸ್ ಅಷ್ಟೇ ಜೋರಾಗಿ ಹಚ್ಚಿದರೆ ಎಷ್ಟು? ಡೆಸಿಬೆಲ್ ಸೂತ್ರ L = 10 log (I/I₀). ಇದರಲ್ಲಿ I ಅಂದರೆ ಸದ್ದಿನ ತೀವ್ರತೆ, I₀ ಬದಲಾಗದ ಒಂದು ಅಳತೆ.

10. ಒಂದು ಲಕ್ಷ ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಬಡ್ಡಿ ಕಟ್ಟದಿದ್ದರೆ ಪ್ರತಿ ತಿಂಗಳೂ ಅದು ಅಸಲಿಗೆ ಸೇರುತ್ತದೆ. ಏನೂ ಕಟ್ಟದೆ ಬಿಟ್ಟರೆ ಎಷ್ಟನೇ ತಿಂಗಳ ಕೊನೆಗೆ ಸಾಲ ಎರಡು ಲಕ್ಷ ಮುಟ್ಟುತ್ತದೆ ಅಥವಾ ದಾಟುತ್ತದೆ?

ಒಂದು ಮತ್ತು ಎರಡು

ಒಂದನೆಯದು ಬಿಸಿಯಾಗಲಿ ಅಂತ ಇಟ್ಟದ್ದು. 32 ಅಂದರೆ 2⁵, ಕೆಳಗೆ ಬಂದರೆ 2⁻⁵, ಹಾಗಾಗಿ x = −5. ಎರಡೂ ತಂಡ ಅರ್ಧ ನಿಮಿಷದಲ್ಲಿ ಹಾಳೆ ಎತ್ತಿದವು.

ಎರಡನೆಯದರಲ್ಲಿ ಬೇಸ್ ಬದಲಿಸುವ ಸೂತ್ರ ಸಾಕು. log₂ 3 ಅನ್ನು log 3 / log 2 ಅಂತಲೂ, log₃ 8 ಅನ್ನು log 8 / log 3 ಅಂತಲೂ ಬರೆದರೆ log 3 ಮೇಲೆ ಕೆಳಗೆ ಹೊಡೆದು ಹೋಗುತ್ತದೆ. ಉಳಿಯುವುದು log 8 / log 2. ಇದೇ log₂ 8, ಅಂದರೆ 3.

ಮಲಪ್ರಭಾದವರು 3 ಅಂತ ಬರೆದರು. ಘಟಪ್ರಭಾದವರೂ ಇದೇ ದಾರಿಯಲ್ಲಿ log 8 / log 2 ವರೆಗೆ ಬಂದಿದ್ದರು. ಆದರೆ ಅಲ್ಲಿ ನಿಂತು ಯೋಚಿಸುವ ಬದಲು ಟೇಬಲ್ ತೆಗೆದು 0.9031 ಅನ್ನು 0.3010 ರಿಂದ ಭಾಗಿಸಿ 3.0003 ಅಂತ ಬರೆದರು. ನಮ್ಮಲ್ಲೇ ಸ್ವಲ್ಪ ಚರ್ಚೆ ಆಯಿತು. ಲೆಕ್ಕದ ದಾರಿ ಸರಿ ಇದೆ, ತಪ್ಪು ಬಂದದ್ದು ಟೇಬಲ್‌ನ ನಾಲ್ಕನೇ ಅಂಕಿಯಿಂದ. ಅದಕ್ಕೆ ಒಂದು ಅಂಕ ಕೊಟ್ವಿ. ಟೇಬಲ್ ಕೊಡುವ ಸಂಖ್ಯೆ ದುಂಡಾಗಿಸಿದ ಸಂಖ್ಯೆ, ನಿಜವಾದ log 2 ಅಲ್ಲ ಅಂತ ಅವತ್ತು ಬೋರ್ಡಿನ ಮೇಲೆ ಬರೆದವರು ನಾವೇ. ಒಂದು ತಾಸಿನ ನಂತರ ಅದನ್ನು ಮರೆತವರೂ ನಾವೇ.

ಅಂಕ: ಮಲಪ್ರಭಾ 4, ಘಟಪ್ರಭಾ 3.

ಮೂರು, ನಾಲ್ಕು, ಐದು: ಮೈನಸ್ ಬಂದಾಗ ಏನು ಮಾಡೋದು

ಈ ಮೂರೂ ಪ್ರಶ್ನೆಯನ್ನು ಬೇಕಂತಲೇ ಒಂದರ ಹಿಂದೆ ಒಂದು ಇಟ್ಟಿದ್ವಿ. ಮೂರರಲ್ಲೂ ವರ್ಗ ಸಮೀಕರಣ ಬರುತ್ತದೆ, ಎರಡೆರಡು ಉತ್ತರ ಸಿಗುತ್ತವೆ, ಒಂದು ಮೈನಸ್ ಇರುತ್ತದೆ. ಆದರೆ ಆ ಮೈನಸ್‌ನ ಗತಿ ಒಂದೊಂದರಲ್ಲಿ ಒಂದೊಂದು ಥರ.

ಮೂರನೆಯದರಲ್ಲಿ 9ˣ ಅಂದರೆ (3ˣ)². 3ˣ ಅನ್ನು t ಅಂತ ಕರೆದರೆ t² − 6t − 27 = 0, ಅಂದರೆ (t − 9)(t + 3) = 0. t = 9 ಆದರೆ 3ˣ = 9, x = 2. t = −3 ಆದರೆ 3ˣ = −3 ಆಗಬೇಕು. 3ನ್ನು ಯಾವ ಘಾತಕ್ಕೆ ಏರಿಸಿದರೂ ಮೈನಸ್ ಬರುವುದಿಲ್ಲ. x ಮೈನಸ್ ಆದಷ್ಟೂ 3ˣ ಸಣ್ಣದಾಗುತ್ತದೆಯೇ ಹೊರತು ಸೊನ್ನೆ ದಾಟಿ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಉತ್ತರ x = 2 ಒಂದೇ.

ಮಲಪ್ರಭಾದವರು x = 2 ಮತ್ತು x = −1 ಅಂತ ಬರೆದರು. ಯಾಕ ಅಂತ ಕೇಳಿದರೆ, "3ರ ಮ್ಯಾಲೆ ಮೈನಸ್ ಒಂದು ಇಟ್ರ ಮೈನಸ್ ಮೂರು ಆಗಂಗಿಲ್ಲೇನ್ರೀ?" ಅಂದ ಒಬ್ಬ. 3⁻¹ ಅಂದರೆ 1/3. ಘಾತದ ಮೈನಸ್ ಸಂಖ್ಯೆಯನ್ನು ತಿರುವಿ ಹಾಕುತ್ತದೆ, ಅದಕ್ಕೆ ಮೈನಸ್ ಚಿಹ್ನೆ ಹಚ್ಚುವುದಿಲ್ಲ. x = −1 ಅನ್ನು ಪ್ರಶ್ನೆಗೆ ವಾಪಸ್ ಹಾಕಿದ್ದರೆ 1/9 − 2 − 27 ಬಂದು, ಸೊನ್ನೆಯ ಹತ್ತಿರವೂ ಇಲ್ಲ ಅಂತ ತಕ್ಷಣ ಗೊತ್ತಾಗುತ್ತಿತ್ತು.

ನಾಲ್ಕನೆಯದರಲ್ಲಿ ಎರಡು ಲಾಗ್ ಕೂಡಿಸಿದರೆ ಒಳಗಿನ ಸಂಖ್ಯೆಗಳು ಗುಣಿಸಿಕೊಳ್ಳುತ್ತವೆ. log₂ [x(x − 2)] = 3, ಹಾಗಾಗಿ x² − 2x = 8, (x − 4)(x + 2) = 0. x = 4 ಅಥವಾ −2. ಈಗ −2 ಅನ್ನು ಮೂಲ ಪ್ರಶ್ನೆಗೆ ಹಾಕಿ ನೋಡಿ. log₂ (−2) ಅಂತ ಬರುತ್ತದೆ. 2ರ ಯಾವ ಘಾತವೂ ಮೈನಸ್ ಆಗುವುದಿಲ್ಲ ಅಂತ ಮೂರನೇ ಪ್ರಶ್ನೆಯಲ್ಲೇ ನೋಡಿದ್ದೇವೆ, ಆದ್ದರಿಂದ ಈ ಲಾಗ್ ಇಲ್ಲವೇ ಇಲ್ಲ. ಉತ್ತರ 4 ಮಾತ್ರ.

ಇಲ್ಲಿ ಗಮನಿಸಬೇಕಾದ್ದು −2 ಎಲ್ಲಿಂದ ಬಂತು ಅನ್ನೋದು. ಎರಡು ಲಾಗ್‌ಗಳನ್ನು ಒಂದು ಮಾಡಿದ ಸ್ಟೆಪ್‌ನಲ್ಲಿ ಬಂತು. x = −2 ಆದರೆ x(x − 2) = 8, ಅದು ಪ್ಲಸ್. ಎರಡು ಮೈನಸ್ ಗುಣಿಸಿ ಪ್ಲಸ್ ಆದವು, ಒಟ್ಟಿಗೆ ಬರೆದ ಲಾಗ್‌ಗೆ ಅದರಲ್ಲಿ ತಕರಾರು ಇಲ್ಲ. ಬೇರೆ ಬೇರೆ ಇದ್ದ ಲಾಗ್‌ಗಳಿಗೆ ಇತ್ತು. ನಾವು ಸಮೀಕರಣದ ರೂಪ ಬದಲಿಸಿದಾಗ ಮೊದಲು ಒಳಗೆ ಬರಲಾಗದ ಸಂಖ್ಯೆಯೊಂದು ಹಿತ್ತಲ ಬಾಗಿಲಿಂದ ಬಂದುಬಿಟ್ಟಿತು. ಘಟಪ್ರಭಾದವರು ಎರಡೂ ಉತ್ತರ ಬರೆದು ಸೊನ್ನೆ ತಗೊಂಡರು.

ಹೀಗೆ ಒಂದೊಂದು ಪೆಟ್ಟು ತಿಂದ ಮೇಲೆ ಐದನೆಯದು ಬಂತು. log (x²) = 4. ಎರಡೂ ತಂಡ 2 log x = 4, log x = 2, x = 100 ಅಂತ ಬರೆದವು. ಎರಡಕ್ಕೂ ಸೊನ್ನೆ.

ಸರಿಯಾದ ಉತ್ತರ x = 100 ಮತ್ತು x = −100. x² = 10000 ಆಗಬೇಕು, ಅಷ್ಟೇ. −100 ಅನ್ನು ವಾಪಸ್ ಹಾಕಿದರೆ ಲಾಗ್ ಒಳಗೆ ಹೋಗುವುದು (−100)² = 10000, ಅದು ಪ್ಲಸ್, log 10000 = 4. ಏನೂ ಅಡ್ಡಿ ಇಲ್ಲ. "ಈಗ ಮೈನಸ್ ಬ್ಯಾಡ ಅಂದ್ರಿ, ಈಗ ಬೇಕು ಅಂತೀರಿ, ಇದೇನ್ ಅಣ್ಣಾರ?" ಅಂತ ಹುಡುಗರು ಗದ್ದಲ ಎಬ್ಬಿಸಿದರು. ನಾವು ಮೈನಸ್ x ಬೇಡ ಅಂತ ಯಾವತ್ತೂ ಅಂದಿಲ್ಲ. ಲಾಗ್ ಒಳಗೆ ಕೂತ ಸಂಖ್ಯೆ ಪ್ಲಸ್ ಇರಬೇಕು ಅಂತ ಅಂದದ್ದು. ಆ ಸಂಖ್ಯೆ ನಾಲ್ಕನೇ ಪ್ರಶ್ನೆಯಲ್ಲಿ x ಮತ್ತು x − 2, ಐದನೆಯದರಲ್ಲಿ x².

log (x²) ಅನ್ನು 2 log x ಅಂತ ಬರೆದ ಸ್ಟೆಪ್‌ನಲ್ಲೇ ಒಂದು ಉತ್ತರ ಕಳೆದುಹೋಯಿತು, ಯಾಕಂದರೆ log x ಬರೆದ ಕ್ಷಣ x ಪ್ಲಸ್ ಅಂತ ಒಪ್ಪಿಕೊಂಡ ಹಾಗೆ. ಸರಿಯಾಗಿ ಬರೆಯಬೇಕಾದ್ದು 2 log |x|. ಅಂದರೆ ನಾಲ್ಕರಲ್ಲಿ ಸ್ಟೆಪ್ ಒಂದು ಸುಳ್ಳು ಉತ್ತರ ತಂದಿತು, ಐದರಲ್ಲಿ ಸ್ಟೆಪ್ ಒಂದು ನಿಜವಾದ ಉತ್ತರ ನುಂಗಿತು. ಬಂದ ಸುಳ್ಳನ್ನು ವಾಪಸ್ ಹಾಕಿ ನೋಡಿದರೆ ಹಿಡಿಯಬಹುದು. ಕಳೆದುಹೋದದ್ದು ಹಾಗೆ ಸಿಗುವುದಿಲ್ಲ. ಅದಕ್ಕೆ ಲಾಗ್ ಒಡೆಯುವ ಮೊದಲೇ ಒಳಗೆ ಏನಿದೆ ಅಂತ ನೋಡಿಕೊಳ್ಳಬೇಕು.

ಅಂಕ: ಮಲಪ್ರಭಾ 6, ಘಟಪ್ರಭಾ 5.

ಆರು ಮತ್ತು ಏಳು

ಆರನೆಯದು ನೋಡಿದ ಕೂಡಲೇ ಮಲಪ್ರಭಾದವರು ತಪ್ಪು ಅಂತ ಬರೆದು ಕೈ ಕಟ್ಟಿ ಕೂತರು. ಲಾಗ್ ಕೂಡಿಸಿದರೆ ಒಳಗೆ ಗುಣಾಕಾರ ಆಗುತ್ತದೆ, ಕೂಡಿಸುವುದಲ್ಲ ಅನ್ನೋದು ಅವರ ವಾದ. ವಾದ ಸರಿ. ಆದರೆ ಪ್ರಶ್ನೆ ಕೇಳಿದ್ದು ಈ ಮೂರು ಸಂಖ್ಯೆಗಳಿಗೆ ಮಾತ್ರ. ಎಡಗಡೆ log (1 × 2 × 3) = log 6, ಬಲಗಡೆ log (1 + 2 + 3) = log 6. ಹೇಳಿಕೆ ಸರಿ! ಕೂಡಿಸಿದರೂ ಗುಣಿಸಿದರೂ ಒಂದೇ ಬರುವ ಮೂರು ಧನ ಪೂರ್ಣಾಂಕಗಳು 1, 2, 3 ಮಾತ್ರ. ತಪ್ಪು ನಿಯಮದಿಂದಲೂ ಒಮ್ಮೊಮ್ಮೆ ಸರಿ ಉತ್ತರ ಬರುತ್ತದೆ ಅನ್ನೋದಕ್ಕೆ ಇದು ಉದಾಹರಣೆ. ಒಂದೇ ಒಂದು ಉದಾಹರಣೆ ಹೊಂದಿತು ಅಂತ ನಿಯಮವನ್ನು ನಂಬಬಾರದು. ಘಟಪ್ರಭಾದವರು ಎರಡೂ ಕಡೆ ಲೆಕ್ಕ ಹಾಕಿಯೇ ಸರಿ ಅಂತ ಬರೆದಿದ್ದರು.

ಏಳನೆಯದಕ್ಕೆ 8 = 2³ = (0.5)⁻³. ಹಾಗಾಗಿ (0.5)ˣ > (0.5)⁻³. ಇಲ್ಲಿಂದ x > −3 ಅಂತ ಬರೆಯುವುದು ಸಹಜ. ಘಟಪ್ರಭಾದವರು ಹಾಗೇ ಬರೆದರು. ಆದರೆ 0.5 ರಂಥ ಒಂದಕ್ಕಿಂತ ಸಣ್ಣ ಬೇಸ್ ಇದ್ದರೆ ಘಾತ ದೊಡ್ಡದಾದಷ್ಟೂ ಬೆಲೆ ಇಳಿಯುತ್ತದೆ. ಅದಕ್ಕೆ ಚಿಹ್ನೆ ತಿರುಗಬೇಕು, ಉತ್ತರ x < −3.

ಮಲಪ್ರಭಾದವರು ಈ ನಿಯಮ ನೆನಪಿಟ್ಟುಕೊಂಡು ಬರೆದದ್ದಲ್ಲ. x = 0 ಹಾಕಿದರು, 1 ಬಂತು, 8ಕ್ಕಿಂತ ದೊಡ್ಡದಲ್ಲ. x = −4 ಹಾಕಿದರು, 16 ಬಂತು, ದೊಡ್ಡದು. ಹಾಗಾದರೆ −3 ರ ಎಡಗಡೆ ಅಂತ ತೀರ್ಮಾನ ಮಾಡಿದರು. ಮೂರನೇ ಪ್ರಶ್ನೆಯಲ್ಲಿ ವಾಪಸ್ ಹಾಕಿ ನೋಡದೆ ಸೋತವರು ಏಳನೆಯದಕ್ಕೆ ಬರುವಷ್ಟರಲ್ಲಿ ಅದನ್ನೇ ಆಯುಧ ಮಾಡಿಕೊಂಡಿದ್ದರು.

ಅಂಕ: ಮಲಪ್ರಭಾ 8, ಘಟಪ್ರಭಾ 7.

ಎಂಟು ಮತ್ತು ಒಂಬತ್ತು

2¹⁰⁰ ಅನ್ನು ಗುಣಿಸುತ್ತಾ ಕೂತರೆ ಮೂರು ನಿಮಿಷ ಸಾಲದು. ಲಾಗ್ ತಗೊಂಡರೆ 100 × 0.3010 = 30.10. ಅಂದರೆ 2¹⁰⁰ ಅನ್ನೋದು 10³⁰ ಮತ್ತು 10³¹ ರ ನಡುವೆ ಇದೆ. 10³⁰ ಬರೆಯಲು ಒಂದು ಒಂದು, ಮೂವತ್ತು ಸೊನ್ನೆ, ಒಟ್ಟು 31 ಅಂಕಿ ಬೇಕು. ಉತ್ತರ 31. ಎರಡೂ ತಂಡ ಸರಿ ಬರೆದವು. 30 ಅಂತ ಬರೆಯುವ ಆಸೆ ಬಂದರೆ 10¹ ನೆನಪಿಸಿಕೊಳ್ಳಿ, ಅದರ ಲಾಗ್ 1, ಅಂಕಿ ಎರಡು.

ಒಂಬತ್ತನೆಯದಕ್ಕೆ ಮಲಪ್ರಭಾದವರು 180 ಬರೆದರು. ಆದರೆ ಎರಡರಷ್ಟು ಆಗುವುದು ತೀವ್ರತೆ I, ಡೆಸಿಬೆಲ್ ಅಲ್ಲ. ಹೊಸ L = 10 log (2I/I₀) = 10 log 2 + 10 log (I/I₀) = 3.01 + 90. ಸುಮಾರು 93 ಡೆಸಿಬೆಲ್. ಘಟಪ್ರಭಾದವರದ್ದು ಸರಿ.

ಇದನ್ನು ಉಲ್ಟಾ ಮಾಡಿ ನೋಡಿದರೆ ಇನ್ನೂ ಚಲೋ ಅರ್ಥ ಆಗುತ್ತದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮ, 2000ರ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಎರಡು ಬಾಕ್ಸ್ ಹಚ್ಚಿ 93 ಇದ್ದಾಗ ಒಂದನ್ನು ಬಂದ್ ಮಾಡಿದರೆ ಇಳಿಯುವುದು ಮೂರೇ ಡೆಸಿಬೆಲ್. ಅಲ್ಲೇ ನಿಂತು 55ಕ್ಕೆ ಬರಬೇಕಾದರೆ 38 ಇಳಿಯಬೇಕು, ಅಂದರೆ ತೀವ್ರತೆ 10³·⁸, ಸುಮಾರು 6300 ಪಟ್ಟು ಕಡಿಮೆ ಆಗಬೇಕು. "ಒಂದು ಬಾಕ್ಸ್ ತಗದೀವಿ ತಗೋರಿ" ಅಂದರೆ ಯಾಕೆ ಯಾರಿಗೂ ನಿದ್ದೆ ಬರಲ್ಲ ಅಂತ ಲಾಗ್ ಹೇಳುತ್ತದೆ.

ಅಂಕ: ಮಲಪ್ರಭಾ 10, ಘಟಪ್ರಭಾ 11.

ಹತ್ತು: ನಮ್ಮ ಆನ್ಸರ್ ಕೀ ತಪ್ಪಿದ್ದು

ಒಂದೇ ಅಂಕದ ಅಂತರ ಇದ್ದಾಗ ಕೊನೆಯ ಪ್ರಶ್ನೆ ಬಂತು. ಕ್ಲಾಸಿನಲ್ಲಿ ಸದ್ದೇ ಇಲ್ಲ.

ಬಡ್ಡಿ ಅಸಲಿಗೆ ಸೇರದಿದ್ದರೆ ಲೆಕ್ಕ ಸುಲಭ. ಒಂದು ಲಕ್ಷಕ್ಕೆ ತಿಂಗಳಿಗೆ ಎರಡು ಸಾವಿರ, 50 ತಿಂಗಳಿಗೆ ಡಬಲ್. ಆದರೆ ಇಲ್ಲಿ ಬಡ್ಡಿಗೂ ಬಡ್ಡಿ ಬೀಳುತ್ತದೆ. ಪ್ರತಿ ತಿಂಗಳೂ ಸಾಲ 1.02 ರಿಂದ ಗುಣಿಸಿಕೊಳ್ಳುತ್ತದೆ. n ತಿಂಗಳ ಕೊನೆಗೆ (1.02)ⁿ ≥ 2 ಆಗಬೇಕು. ಲಾಗ್ ತಗೊಂಡರೆ n ≥ log 2 / log 1.02. ಟೇಬಲ್‌ನಲ್ಲಿ log 2 = 0.3010, log 1.02 = 0.0086. ಭಾಗಿಸಿದರೆ ಸರಿಯಾಗಿ 35. ಶೇಷ ಇಲ್ಲ.

ನಮ್ಮ ಆನ್ಸರ್ ಕೀಯಲ್ಲೂ 35 ಅಂತಲೇ ಇತ್ತು. ಇಷ್ಟು ಸರಿಯಾಗಿ ಭಾಗ ಆಗುತ್ತದಲ್ಲ ಅಂತ ಖುಷಿಪಟ್ಟೇ ಈ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ವಿ. ಮಲಪ್ರಭಾದವರು 35 ಬರೆದರು. ಘಟಪ್ರಭಾದವರು 36. ಮಲಪ್ರಭಾ 12, ಘಟಪ್ರಭಾ 11, ಮಲಪ್ರಭಾ ಗೆದ್ದಿತು ಅಂತ ಹೇಳಿ ಚಪ್ಪಾಳೆನೂ ಹೊಡೆಸಿಬಿಟ್ವಿ.

ಘಟಪ್ರಭಾ ತಂಡದ ಒಬ್ಬ ಹುಡುಗಿ ಎದ್ದು ನಿಂತಳು. "ಅಣ್ಣಾರ, ನಾನು ಟೇಬಲ್ ನೋಡಿಲ್ಲರಿ. ಗುಣಿಸಿ ನೋಡೀನಿ. ಮೂವತ್ತೈದು ತಿಂಗಳಿಗೆ ಒಂಬತ್ತು ರೂಪಾಯಿ ಕಡಿಮಿ ಬೀಳ್ತಾವ್ರೀ."

"ಒಂಬತ್ತು ರೂಪಾಯಿ ಏನ್ ಮಹಾ ತಂಗಿ?" ಅಂದ ನಮ್ಮವನೊಬ್ಬ.

"ಮುಟ್ಟಬೇಕು ಇಲ್ಲಾ ದಾಟಬೇಕು ಅಂತ ನೀವಽ ಬರದೀರಲ್ರೀ. ಮುಟ್ಟಿಲ್ಲಲ್ಲ."

ಅವಳ ಹಾಳೆ ಇಸಕೊಂಡು ನೋಡಿದ್ವಿ. 1.02 ಅನ್ನು 35 ಸಲ ಗುಣಿಸಿರಲಿಲ್ಲ. ವರ್ಗ ಮಾಡುತ್ತಾ ಹೋಗಿದ್ದಳು: ಎರಡನೇ ಘಾತ, ಅದರ ವರ್ಗ ನಾಲ್ಕನೆಯದು, ಆಮೇಲೆ ಎಂಟು, ಹದಿನಾರು, ಮೂವತ್ತೆರಡು. ಕೊನೆಗೆ 35 = 32 + 3, ಆದ್ದರಿಂದ ಮೂರನೇ ಘಾತದಿಂದ ಗುಣಿಸಿದ್ದಳು. ಐದು ದಶಮಾಂಶ ಇಟ್ಟುಕೊಂಡಿದ್ದಳು, 1.99991 ಬಂದಿತ್ತು. ಆದರೆ ಪ್ರತಿ ಸಲ ವರ್ಗ ಮಾಡಿದಾಗ ದುಂಡಾಗಿಸಿದ ತಪ್ಪೂ ಹೆಚ್ಚುಕಡಿಮೆ ಎರಡರಷ್ಟು ಬೆಳೆಯುತ್ತದೆ. ಐದು ದಶಮಾಂಶ ಸಾಕೋ ಇಲ್ಲವೋ ಅನ್ನೋ ಅನುಮಾನ ನಮಗೆ. ಅದಕ್ಕೆ ಬೋರ್ಡಿನ ಮೇಲೆ ಎಲ್ಲರೂ ಸೇರಿ ಎಂಟು ದಶಮಾಂಶ ಇಟ್ಟು ಮಾಡಿದ್ವಿ:

(1.02)² = 1.0404

(1.02)⁴ = 1.08243216

(1.02)⁸ = 1.17165938

(1.02)¹⁶ = 1.37278571

(1.02)³² = 1.88454059

(1.02)³ = 1.061208

(1.02)³⁵ = 1.88454059 × 1.061208 = 1.99988955

ಒಂದು ಲಕ್ಷಕ್ಕೆ 1,99,988 ರೂಪಾಯಿ 96 ಪೈಸೆ. ಎರಡು ಲಕ್ಷಕ್ಕೆ ಹನ್ನೊಂದು ರೂಪಾಯಿ ನಾಲ್ಕು ಪೈಸೆ ಕಡಿಮೆ. ಹುಡುಗಿ ಹೇಳಿದ ಒಂಬತ್ತು ಹನ್ನೊಂದಾಯಿತು, ಆದರೆ ಅವಳ ಮಾತು ನಿಂತಿತು. 36ನೇ ತಿಂಗಳಿಗೆ 2,03,988 ದಾಟುತ್ತದೆ. ಸರಿಯಾದ ಉತ್ತರ 36.

ಮಲಪ್ರಭಾದವರು ಸುಮ್ಮನಿರಲಿಲ್ಲ. "ಟೇಬಲ್ ನೀವಽ ಕೊಟ್ಟೀರಿ. ಟೇಬಲ್ ಪ್ರಕಾರ ಮೂವತ್ತೈದಽ ಬರ್ತೈತಿ. ನಮ್ಮ ತಪ್ಪೇನ್ರೀ?" ನ್ಯಾಯವಾದ ಪ್ರಶ್ನೆ. ಹಾಗಾದರೆ ಟೇಬಲ್ ನಿಜವಾಗಿ ಏನು ಹೇಳುತ್ತದೆ ಅಂತ ನೋಡಿದ್ವಿ.

ಟೇಬಲ್‌ನಲ್ಲಿ 0.3010 ಅಂತ ಇದ್ದರೆ ನಿಜವಾದ ಬೆಲೆ 0.30095 ಮತ್ತು 0.30105 ರ ನಡುವೆ ಎಲ್ಲಾದರೂ ಇರಬಹುದು. 0.0086 ಅಂತ ಇದ್ದರೆ ನಿಜವಾದದ್ದು 0.00855 ಮತ್ತು 0.00865 ರ ನಡುವೆ. ಈ ಎರಡನೆಯದರಲ್ಲಿ ಬೆಲೆ ಇರುವ ಅಂಕಿಗಳು ಎರಡೇ, 8 ಮತ್ತು 6. ನಾಲ್ಕಂಕಿ ಟೇಬಲ್ ಅಂದರೂ ಇಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಎರಡಂಕಿಯ ಮಾಹಿತಿ. ಅತಿ ಸಣ್ಣ ಭಾಗಲಬ್ಧ 0.30095 / 0.00865, ಸುಮಾರು 34.8. ಅತಿ ದೊಡ್ಡದು 0.30105 / 0.00855, ಸುಮಾರು 35.2. ಅಂದರೆ ಟೇಬಲ್ ಹೇಳಿದ್ದು "34.8 ರಿಂದ 35.2 ರ ನಡುವೆ" ಅಂತ. 35 ಅಂತ ಅದು ಹೇಳಲೇ ಇಲ್ಲ, ನಾವು ಹಾಗೆ ಕೇಳಿಸಿಕೊಂಡ್ವಿ. 34.8 ಆಗಿದ್ದರೆ ಉತ್ತರ 35, 35.2 ಆಗಿದ್ದರೆ 36. ಟೇಬಲ್‌ನಿಂದ ತೀರ್ಮಾನ ಆಗುವ ಪ್ರಶ್ನೆಯೇ ಅಲ್ಲ ಇದು. ನಿಜವಾದ ಭಾಗಲಬ್ಧ 35.0028. ಆ 0.0028 ರಲ್ಲಿ ಹನ್ನೊಂದು ರೂಪಾಯಿ ಅಡಗಿ ಕೂತಿತ್ತು.

ಅದೇ ಟೇಬಲ್ ಎಂಟನೇ ಪ್ರಶ್ನೆಯಲ್ಲಿ ಯಾಕೆ ಕೈ ಕೊಡಲಿಲ್ಲ? ಅಲ್ಲೂ ತಪ್ಪನ್ನು 100 ರಿಂದ ಗುಣಿಸಿದ್ದೆವು. 100 × 0.30095 = 30.095, 100 × 0.30105 = 30.105. ಎರಡೂ 30 ಮತ್ತು 31 ರ ನಡುವೆಯೇ ಇವೆ, ಗಡಿಯಿಂದ ದೂರ. ಯಾವುದು ಹಿಡಿದರೂ ಉತ್ತರ 31. ಹತ್ತನೆಯದರಲ್ಲಿ ಉತ್ತರ ಗಡಿಯ ಮೇಲೆಯೇ ಬಂದು ಕೂತಿತು. ಪೂರ್ಣ ಸಂಖ್ಯೆ ಕೇಳಿದ ಪ್ರಶ್ನೆಯಲ್ಲಿ ಟೇಬಲ್ ಸರಿಯಾಗಿ ಪೂರ್ಣ ಸಂಖ್ಯೆ ಕೊಟ್ಟಿತು ಅಂದರೆ ಖುಷಿಪಡುವ ಜಾಗ ಅಲ್ಲ, ಅನುಮಾನಪಡುವ ಜಾಗ ಅದು.

ಹೆನ್ರಿ ಬ್ರಿಗ್ಸ್ ಅನ್ನುವ ಗಣಿತಜ್ಞ ಬೇಸ್ 10ರ ಲಾಗ್‌ಗಳನ್ನು 14 ದಶಮಾಂಶದವರೆಗೆ ಲೆಕ್ಕ ಹಾಕಿ ಪುಸ್ತಕ ಮಾಡಿದ್ದು 1624ರಲ್ಲಿ, ನಮ್ಮ ಕಿತ್ತೂರಿನ ಯುದ್ಧಕ್ಕೆ 200 ವರ್ಷ ಮೊದಲು. ಕೈಯಲ್ಲೇ ಅಷ್ಟು ಅಂಕಿ ಯಾಕೆ ತೆಗೆದ ಪುಣ್ಯಾತ್ಮ ಅಂತ ಮೊದಲು ನಮಗೂ ಅನಿಸುತ್ತಿತ್ತು. ಐದೇ ದಶಮಾಂಶ ಇದ್ದಿದ್ದರೂ ನಮಗೆ ಸಾಲುತ್ತಿರಲಿಲ್ಲ: 0.30103 ಅನ್ನು 0.00860 ರಿಂದ ಭಾಗಿಸಿದರೆ 35.003 ಏನೋ ಬರುತ್ತದೆ, ಆದರೆ 0.00860 ರ ಕೊನೆಯ ಅಂಕಿಯ ಅನುಮಾನ ಹಾಗೇ ಉಳಿಯುತ್ತದೆ. ಏಳು ದಶಮಾಂಶ ಇಟ್ಟು 0.3010300 / 0.0086002 ಮಾಡಿದರೆ 35 ದಾಟಿದ್ದು ಖಚಿತ.

ಕೊನೆಗೆ ಅಂಕದ ವಿಷಯ. ಎರಡನೇ ಪ್ರಶ್ನೆಯಲ್ಲಿ ದಾರಿ ಸರಿ, ಟೇಬಲ್‌ನಿಂದ ತಪ್ಪು ಅಂತ ಘಟಪ್ರಭಾಕ್ಕೆ ಒಂದು ಅಂಕ ಕೊಟ್ಟಿದ್ವಲ್ಲ, ಅದೇ ನ್ಯಾಯ ಇಲ್ಲೂ. ಮಲಪ್ರಭಾಕ್ಕೆ ಒಂದು, ಘಟಪ್ರಭಾಕ್ಕೆ ಎರಡು. ಮಲಪ್ರಭಾ 11, ಘಟಪ್ರಭಾ 13. ಹೊಡೆಸಿದ ಚಪ್ಪಾಳೆ ವಾಪಸ್ ತಗೊಳ್ಳೋಕೆ ಬರಲ್ಲ, ಹಾಗಾಗಿ ಇನ್ನೊಂದು ಸಲ ಹೊಡೆಸಿದ್ವಿ.

ಬಸ್ ಹತ್ತುವಾಗ ಆ ಹುಡುಗಿಯನ್ನು ಕೇಳಿದ್ವಿ, ಟೇಬಲ್ ಕೈಯಲ್ಲೇ ಇತ್ತು, ಅಷ್ಟು ಗುಣಾಕಾರ ಯಾಕೆ ಮಾಡಿದೆ ಅಂತ. "ಎರಡನೇ ಪ್ರಶ್ನೆಗೆ ಟೇಬಲ್ ನಂಬಿ ಒಂದು ಮಾರ್ಕ್ಸ್ ಹೋಗಿತ್ತಲ್ರೀ," ಅಂದಳು.